ಅರ್ಧಾ ಟಿಕೇಟು, ಅರ್ಧಾ ನಿದ್ದಿ

ಬ್ಯಾಸಗಿ ಸೂಟಿ ಮುಗಿದು ಮೊಮ್ಮಕ್ಕಳನ್ನ ಬೆಂಗಳೂರಿಗೆ ಬಿಟ್ಟು ಬರೋದು ನನ್ನ ಕೆಲಸ. ಮಗಳು ಅಳಿಯ ಇಬ್ಬರೂ ನೌಕರಿಯವರು, ರಜಾ ಸಿಗೂದಿಲ್ಲ. ಹೋದ ವರ್ಷ, ಅಂದ್ರ 2025ರ ಮೇ ತಿಂಗಳ ಕಡೀಗೆ ನಾನು, ನಮ್ಮ ಮನಿಯವರು, ಇಬ್ಬರು ಹುಡುಗೂರು ಕೂಡಿ ಕುಷ್ಟಗಿಯಿಂದ ಹೊಂಟಿದ್ವಿ. ಅವತ್ತಿನ ರಾತ್ರಿ ನನಗ ಒಂದು ಪಾಠ ಆತು. ಮೂವತ್ತು ವರ್ಷದಿಂದ ರೈಲಿನ್ಯಾಗ ಅಡ್ಡಾಡಿದಾಕಿ ನಾನು, ನನಗ ಗೊತ್ತಿಲ್ಲದ್ದು ಏನೈತಿ ಅಂತ ತಿಳಿದಿದ್ದೆ. ಗೊತ್ತಿದ್ದದ್ದು ಹಳೇದಾಗಿತ್ತು ಅನ್ನೋದು ಆಮ್ಯಾಲ ತಿಳೀತು. ನನ್ನಂಗ ಇನ್ನೂ ಎಷ್ಟು ಮಂದಿ ಅಮ್ಮಂದಿರು ಅದಾರೋ, ಅವರಿಗರ ಉಪಯೋಗ ಆಗಲಿ ಅಂತ ಬರೀತೀನಿ. (ನಮ್ಮ ಕಡಿ ಅಜ್ಜಿಗೆ ಅಮ್ಮ ಅಂತಾರ, ತಾಯಿಗೆ ಅವ್ವ. ಬ್ಯಾರೆ ಊರಾಗ ಓದೋರು ಗೊಂದಲ ಮಾಡ್ಕೋಬ್ಯಾಡ್ರಿ.)

ಮೊದಲು ಹುಡುಗೂರ ವಯಸ್ಸು ಹೇಳಿಬಿಡತೀನಿ, ಯಾಕಂದ್ರ ಇಡೀ ಕತಿ ಅದರ ಮ್ಯಾಲೇ ನಿಂತೈತಿ. ದೊಡ್ಡಾಕಿಗೆ ಎಂಟು ವರ್ಷ. ಸಣ್ಣಾಂವಗ ಅವಾಗ ಐದು ವರ್ಷ ಎಂಟು ತಿಂಗಳು.

ಹೊರಡೂ ಹತ್ತು ದಿನದ ಹಿಂದಿನ ಮಾತು. ಮೇ 15ಕ್ಕ ನಮ್ಮ ಕುಷ್ಟಗಿಗೆ ರೈಲು ಬಂದಿತ್ತು. ಗದಗ-ವಾಡಿ ಲೈನಿನ್ಯಾಗ ತಳಕಲ್‌ದಿಂದ ಕುಷ್ಟಗಿ ತನಕ ಕೆಲಸ ಮುಗಿದು, ಹುಬ್ಬಳ್ಳಿಯಿಂದ ಇಲ್ಲಿ ತನಕ ಗಾಡಿ ಬಿಟ್ಟಿದ್ರು. ಸಣ್ಣಕಿದ್ದಾಗಿಂದ ಬರತೈತಿ, ಬರತೈತಿ ಅಂತ ಕೇಳಿದ ಗಾಡಿ, ಕಣ್ಣಾರೆ ನೋಡೋ ಕಾಲ ಬಂತು. ಹುಡುಗೂರು ಬಿಡಬೇಕಲ್ಲ! "ಅಮ್ಮಾ, ನಮ್ಮೂರ ರೈಲಿನ್ಯಾಗ ಕರ್ಕೊಂಡ ಹೋಗು" ಅಂತ ಬೆನ್ನು ಬಿದ್ರು. ಯಲಬುರ್ಗಾದಾಗ ನಮ್ಮ ತಂಗಿ ಮನಿ ಐತಿ. ಅಲ್ಲೀತನಕ ರೈಲಿಗೆ ಹೋಗಿ, ತಿರುಗಿ ಬಸ್ಸಿಗೆ ಬರೋಣಂತ ಹೊಂಟೆ.

ಟಿಕೇಟಿನ ಕಿಟಕಿಯಾಗ ನಿಂತು "ಯಲಬುರ್ಗಾಕ್ಕ ಒಂದು ಫುಲ್ಲು, ಒಂದು ಹಾಫು ಕೊಡ್ರಿ" ಅಂದೆ. ಫುಲ್ಲು ನಂದು, ಹಾಫು ದೊಡ್ಡಾಕಿದು. ಒಳಗಿದ್ದ ಹುಡುಗ ಬಗ್ಗಿ ಸಣ್ಣಾಂವನ್ನ ನೋಡಿ, "ಇವಂದು?" ಅಂದ.

"ಇವಗ ಇನ್ನೂ ಆರು ತುಂಬಿಲ್ಲಪಾ, ಇವಂದ್ಯಾಕ ಟಿಕೇಟು?" ಅಂದೆ.

"ಅಮ್ಮಾರ, ಆರು ಬಸ್ಸಿಗೆ. ರೈಲಿಗೆ ಐದು. ಐದು ತುಂಬಿದ್ದರ ಹಾಫ್ ತಗೋಬೇಕ್ರಿ" ಅಂದ.

ನನಗ ಒಂದು ಗಳಿಗಿ ಏನೂ ತಿಳೀಲಿಲ್ಲ. ಆಮ್ಯಾಲ ಹೌದಲ್ಲ ಅನಿಸ್ತು. ನಮ್ಮ ಊರಿಗೆ ರೈಲೇ ಇರಲಿಲ್ಲ, ನಾವು ಬಸ್ಸಿನ ಲೆಕ್ಕದಾಗ ಬೆಳದವರು. ಬಸ್ಸಿನ್ಯಾಗ ಆರು ತುಂಬೋ ತನಕ ಪುಕ್ಕಟ, ಆರರಿಂದ ಹನ್ನೆರಡಕ್ಕ ಅರ್ಧ, ಹನ್ನೆರಡು ತುಂಬಿದ ಮ್ಯಾಲ ಪೂರಾ. ರೈಲಿನ್ಯಾಗ ಐದು ತುಂಬೋ ತನಕ ಪುಕ್ಕಟ, ಐದರಿಂದ ಹನ್ನೆರಡಕ್ಕ ಅರ್ಧ. ಮ್ಯಾಲಿನ ಗೆರಿ ಎರಡಕ್ಕೂ ಒಂದೇ, ಕೆಳಗಿನ ಗೆರಿ ಒಂದು ವರ್ಷ ಹಿಂದಮುಂದ. ಆ ಒಂದು ವರ್ಷದ ನಡುವಿನ ಹುಡುಗೂರು ಬಸ್ಸಿನ್ಯಾಗ ಕೂಸು, ರೈಲಿನ್ಯಾಗ ಅರ್ಧಾ ಮನಷ್ಯಾ. ನಮ್ಮ ಸಣ್ಣಾಂವ ಸರಿಯಾಗಿ ಆ ನಡುವ ನಿಂತಿದ್ದ.

ಎರಡು ಹಾಫು ತಗೊಂಡೆ. ಸುಮ್ಮನ ಹತ್ತಿಬಿಟ್ಟಿದ್ದರ ಏನಾಗತಿತ್ತು ಅಂತ ನೀವು ಕೇಳಬಹುದು. ರೈಲಿನ್ಯಾಗ ಟಿಕೇಟಿಲ್ಲದ ಸಿಕ್ಕವರಿಗೆ ದಂಡ 250 ರೂಪಾಯಿಗೆ ಕಮ್ಮಿ ಇಲ್ಲ, ಟಿಕೇಟಿನ ರೊಕ್ಕ ಬ್ಯಾರೆ. ನಾಕು ರೂಪಾಯಿ ಉಳಿಸೋಕ ಹೋಗಿ ಮಂದಿ ನಡುವ ಮಾನ ಕಳಕೋಬೇಕು.

ತಿರುಗಿ ಬಸ್ಸಿಗೆ ಬರೂಮುಂದ ಇನ್ನೊಂದು ಮಜಾ ಆತು. ಹೆಣ್ಮಕ್ಕಳಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಾಗ ಬಸ್ಸು ಪುಕ್ಕಟ ಅನ್ನೋದು ನಿಮಗ ಗೊತ್ತೈತಿ. ಅದು ದೊಡ್ಡ ಹೆಣ್ಮಕ್ಕಳಿಗೆ ಅಷ್ಟ ಅಲ್ಲ, ಆರರಿಂದ ಹನ್ನೆರಡು ವರ್ಷದ ಹುಡುಗ್ಯಾರಿಗೂ ಐತಿ. ಕಂಡಕ್ಟರ್ ನನಗೊಂದು, ದೊಡ್ಡಾಕಿಗೊಂದು ಶೂನ್ಯ ಟಿಕೇಟು ಹರಿದು ಕೊಟ್ಟ. ಸಣ್ಣಾಂವಗ ಆರು ತುಂಬಿಲ್ಲ, ಅವಂದು ಹೆಂಗೂ ಇಲ್ಲ. ಮೂರು ಮಂದಿ ಒಂದು ರೂಪಾಯಿ ಕೊಡದ ಮನಿಗೆ ಬಂದ್ವಿ. "ಅಮ್ಮಾ, ಇವಗ ಟಿಕೇಟೇ ಇಲ್ಲ, ನನಗ ಐತಿ" ಅಂತ ದೊಡ್ಡಾಕಿ ಅವನ ಮುಂದ ಆ ಚೀಟಿ ಹಿಡಿದು ಆಡಿಸಿದ್ದೇ ಆಡಿಸಿದ್ದು. ಆ ಚೀಟಿ ಶೂನ್ಯ ಅಂತ ಒಗೀಬ್ಯಾಡ್ರಿ, ಇಳಿಯೋ ತನಕ ಇಟಗೊಳ್ರಿ. ತಪಾಸಣಿಯವರು ಬಂದ್ರ ಅದನ್ನೇ ಕೇಳತಾರ.

ಇಷ್ಟೆಲ್ಲ ಆದ ಮ್ಯಾಲರ ನಾನು ಶಾಣ್ಯಾ ಆಗಬೇಕಿತ್ತು. ಆಗಲಿಲ್ಲ.

ಬೆಂಗಳೂರಿಗೆ ಹೋಗಾಕ ಕೊಪ್ಪಳದಿಂದ ಹಂಪಿ ಎಕ್ಸ್‌ಪ್ರೆಸ್ಸಿಗೆ ಸ್ಲೀಪರ್ ಟಿಕೇಟು ತಗಸಿದ್ವಿ. ಫೋನಿನ್ಯಾಗ ತಗದಾಂವ ನಮ್ಮ ಮಗ. ಎಲ್ಲಾರ ಹೆಸರು, ವಯಸ್ಸು ಹೇಳಿದೆ. ಅವ ಬರಕೊಂಡು, "ಅವ್ವಾ, ಹುಡುಗೂರಿಗೆ ಅರ್ಧಾ ಟಿಕೇಟು ಬರತೈತಿ, ಅದನ್ನ ಹಾಕಲೇನು?" ಅಂದ. "ಮತ್ತೇನಪಾ, ಅರ್ಧಾನೇ ಹಾಕು" ಅಂದೆ. ಬರ್ತು ಬೇಕೋ ಬ್ಯಾಡೋ ಅಂತ ಅಲ್ಲೊಂದು ಸಣ್ಣ ಚೌಕ ಇರತೈತಿ, ಅದನ್ನ ಒತ್ತಲಿಲ್ಲ. ಅವಗ ಅದು ಸಣ್ಣ ಮಾತು. ಅವ ಕೇಳಿದ್ದು ಒಂದು, ನಾ ತಿಳಕೊಂಡಿದ್ದು ಇನ್ನೊಂದು.

ನಾ ತಿಳಕೊಂಡಿದ್ದು ಯಾವ ಕಾಲದ್ದು ಹೇಳತೀನಿ. 2003ರಾಗ ನಮ್ಮ ಮಗಳಿಗೆ ಹತ್ತು ವರ್ಷ, ಮಗಗ ಏಳು. ಅವಾಗೂ ಹಿಂಗ ಬೆಂಗಳೂರಿಗೆ ಹೋಗಿದ್ವಿ. ಇಬ್ಬರಿಗೂ ಅರ್ಧಾ ಟಿಕೇಟು, ಇಬ್ಬರಿಗೂ ಒಂದೊಂದು ಪೂರಾ ಬರ್ತು. ಮ್ಯಾಲಿನ ಬರ್ತಿಗೆ ಹತ್ತಾಕ ಇಬ್ಬರೂ ಜಗಳ ಮಾಡಿದ್ದು ನನಗ ಈಗೂ ಕಣ್ಣ ಮುಂದ ಐತಿ. ಅವಾಗಿನ ನಿಯಮ ಹಂಗೇ ಇತ್ತು, ಅರ್ಧಾ ರೊಕ್ಕ ಕೊಟ್ಟರೂ ಮಲಗೂ ಜಾಗ ಪೂರಾ. ಅದು 2016ರ ಏಪ್ರಿಲ್ 21ರಿಂದ ಬದಲಾಗೇತಿ. ಈಗ ಐದರಿಂದ ಹನ್ನೆರಡರ ಒಳಗಿನ ಹುಡುಗೂರಿಗೆ ಎರಡು ದಾರಿ. ಬರ್ತು ಬ್ಯಾಡ ಅಂದ್ರ ಅರ್ಧಾ ದರ. ಬರ್ತು ಬೇಕು ಅಂದ್ರ ದೊಡ್ಡವರಂಗ ಪೂರಾ ದರ. ಅರ್ಧಾ ರೊಕ್ಕಕ್ಕ ಪೂರಾ ಬರ್ತು ಅನ್ನೋದು ಈಗಿಲ್ಲ. ಹತ್ತು ವರ್ಷದಿಂದ ಇಲ್ಲದ್ದನ್ನ ನಾನು ಐತಿ ಅಂತ ನಂಬಿ ಕುಂತಿದ್ದೆ. ನಡುವ ಆ ವಯಸ್ಸಿನ ಹುಡುಗೂರು ನಮ್ಮ ಮನ್ಯಾಗ ಇರಲೇ ಇಲ್ಲ, ಹಿಂಗಾಗಿ ತಿಳಿಯೋ ಪ್ರಸಂಗಾನೂ ಬರಲಿಲ್ಲ.

ಕೊಪ್ಪಳದಾಗ ಗಾಡಿ ಹತ್ತಿದ್ವಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಬಿಚ್ಚಿ ಉಂಡ್ವಿ. ಹೊಸಪೇಟಿ ದಾಟೋ ಹೊತ್ತಿಗೆ ಹುಡುಗೂರಿಗೆ ನಿದ್ದಿ ಬಂತು. ನಮ್ಮವು ಒಂದು ಕೆಳಗಿನ ಬರ್ತು, ಒಂದು ನಡುವಿಂದು. ಇನ್ನೆರಡು ಎಲ್ಲಿ ಅಂತ ನಾ ಎದುರಿನ ಸೀಟು ನೋಡತೀನಿ, ಅಲ್ಲಿ ಬ್ಯಾರೆ ಮಂದಿ ಹಾಸಿಗಿ ಹಾಸ್ಯಾರ. ಫೋನ್ ತಗದು ಟಿಕೇಟ್ ನೋಡಿದೆ. ನಮ್ಮಿಬ್ಬರ ಹೆಸರಿನ ಮುಂದ ಡಬ್ಬಿ ನಂಬರು, ಬರ್ತಿನ ನಂಬರು ಎರಡೂ ಇದ್ದವು. ಹುಡುಗೂರ ಹೆಸರಿನ ಮುಂದ ಬರೇ NOSB ಅಂತ ಇತ್ತು. ನಾ ಅದನ್ನ ಮನ್ಯಾಗೇ ನೋಡಿದ್ದೆ. ಏನೋ ಡಬ್ಬಿ ಹೆಸರಿರಬೇಕು ಅಂತ ಬಿಟ್ಟಿದ್ದೆ.

ಟೀಸಿ ಬಂದ ಮ್ಯಾಲ ಕೇಳಿದೆ. ವಯಸ್ಸಾದವರು, ಸಮಾಧಾನದವರು. "ಸೀಟೂ ಇಲ್ಲ, ಬರ್ತೂ ಇಲ್ಲ ಅಂತ ಅದರ ಅರ್ಥ ರೀ ಅಮ್ಮಾರ. ಅರ್ಧಾ ಟಿಕೇಟು ತಗದೀರಿ, ಹುಡುಗೂರನ್ನ ನಿಮ್ಮ ಬರ್ತಿನ್ಯಾಗೇ ಮಲಗಿಸ್ಕೋಬೇಕು" ಅಂದ್ರು. "ಉಳದ ರೊಕ್ಕ ಈಗ ಕೊಡತೀನ್ರೀ, ಒಂದರ ಕೊಡ್ರಿ" ಅಂದೆ. ಕೈಯಾಗಿನ ಪಟ್ಟಿ ತಿರುವಿ ನೋಡಿ, "ಖಾಲಿ ಇದ್ದಿದ್ದರ ಕೊಡತಿದ್ದೆ ರೀ, ಸೂಟಿ ಕಾಲ, ಎಲ್ಲಾ ತುಂಬೇತಿ. ಬಾಗಲದ ಕಡಿ ನಿಂತ ಮಂದೀನ ನೋಡ್ರಿ" ಅಂದ್ರು. ಅವರದೇನು ತಪ್ಪು? ಮಾಡಿಕೊಂಡಿದ್ದು ನಾವು.

ಸ್ಲೀಪರ್ ಬರ್ತು ನೀವು ನೋಡೀರಿ, ಅಗಲ ಸುಮಾರು ಎರಡು ಅಡಿ. ಒಬ್ಬ ಮನಷ್ಯಾ ಮಗ್ಗಲಾ ಬದಲಿಸಾಕ ಅಷ್ಟ ಸಾಕು. ಅಂಥಾ ಎರಡು ಬರ್ತಿನ್ಯಾಗ ನಾಕು ಮಂದಿ. ನಮ್ಮ ಮನಿಯವರಿಗೆ ಸೊಂಟ ನೋವು. ನಡುವಿನ ಬರ್ತಿನ್ಯಾಗ ದೊಡ್ಡಾಕಿಯನ್ನ ಒಬ್ಬಾಕಿನ್ನೇ ಮಲಗಿಸಿದ್ವಿ, ಆಕಿ ಎಂಟು ವರ್ಷದಾಕಿ ಆದರೂ ಉದ್ದ ಅದಾಳ. ಕೆಳಗಿನ ಬರ್ತಿನ್ಯಾಗ ನಾನು, ಸಣ್ಣಾಂವ. ಮನಿಯವರು ನಮ್ಮ ಕಾಲ ಕಡಿ ಒಂದು ಮೂಲ್ಯಾಗ ಕಿಟಕಿಗೆ ಆನಿಕೊಂಡು ಕುಂತರು. ನಡುವಿನ ಬರ್ತು ಎತ್ತಿ ಹಾಕಿದ ಮ್ಯಾಲ ಕೆಳಗ ಕುಂತವರಿಗೆ ತಲಿ ಎತ್ತಾಕ ಆಗೂದಿಲ್ಲ, ಕುತ್ತಿಗಿ ಬಗ್ಗಿಸ್ಕೊಂಡೇ ಕುಂದ್ರಬೇಕು. ಬೆಂಗಳೂರು ಬರೋ ತನಕ ಅವರು ಹಂಗೇ ಕುಂತರು.

ನಾ ಏನು ತಪ್ಪು ಮಾಡಿದೆ ಅಂದ್ರ, ಸಣ್ಣಾಂವನ್ನ ಹೊರಗಿನ ಮಗ್ಗಲಿಗೆ ಮಲಗಿಸಿದೆ. ಕಿಟಕಿ ಗಾಳಿ ಬಡೀತೈತಿ, ಕೆಮ್ಮು ಬರತೈತಿ ಅಂತ ನಾನು ಗ್ವಾಡಿ ಕಡಿ ಮಲಗಿದೆ. ನಡುರಾತ್ರಿ ಗುಂತಕಲ್ ದಾಟಿತ್ತೇನೋ, ಗಾಡಿ ಒಮ್ಮೆಲೆ ಜಗ್ಗಿ ನಿಂತಿತು. ನನ್ನ ಕೈ ಅವನ ಮ್ಯಾಲೇ ಇತ್ತು, ಆದ್ರ ನಿದ್ದಿ ಹತ್ತಿದ ಕೈ ಅದು. ಧಪ್ಪ ಅಂತ ಸಪ್ಪಳ ಆತು. ಹುಡುಗ ಕೆಳಗ ನಮ್ಮ ಚೀಲದ ಮ್ಯಾಲ ಬಿದ್ದಿದ್ದ. ತುಟಿ ಹಲ್ಲಿಗೆ ಸಿಕ್ಕು ಒಡದು ರಕ್ತ. ಇಡೀ ಡಬ್ಬಿ ಎದ್ದು ಕುಂತಿತು. ನನ್ನ ಎದಿ ಹೆಂಗ ಬಡಕೊಂಡಿತು ಅನ್ನೋದು ಹೇಳಾಕ ಬರೂದಿಲ್ಲ. ಮಗಳ ಕೂಸು, ನನ್ನ ನಂಬಿ ಕಳಿಸಿದ ಕೂಸು. ಚೀಲದಾಗ ಅರಬಿ ಇದ್ದವು ಅಂತ ಪಾರಾತು. ತಾಮ್ರದ ತಂಬಿಗಿ ಇದ್ದ ಚೀಲ ಅಲ್ಲೇ ಮಗ್ಗಲದಾಗ ಇತ್ತು.

ಅವ ಅತ್ತು ಅತ್ತು ಮಲಗಿದ. ಆಮ್ಯಾಲ ನಾನೂ ಮಲಗಲಿಲ್ಲ. ಕತ್ತಲದಾಗ ಕುಂತು ಮನಿಯವರು ಒಂದೇ ಮಾತು ಕೇಳಿದ್ರು: "ಎಷ್ಟು ಉಳಿಸಿದ್ವಿ ನಾವು?"

ಆ ಮಾತು ಸಿಟ್ಟಿಂದಲ್ಲ, ಆದ್ರೂ ಚುಚ್ಚಿತು. ಉತ್ತರ ನನಗ ಗೊತ್ತಿರಲಿಲ್ಲ. ಮಗಳ ಮನಿಗೆ ಹೋದ ಮ್ಯಾಲ ಹಾಳಿ ಪೆನ್ನು ಹಿಡಕೊಂಡು ಕುಂತು ಲೆಕ್ಕ ಮಾಡಿದೆ. ಆ ಲೆಕ್ಕ ನಿಮಗೂ ಹೇಳತೀನಿ. ದರ ಆಗಾಗ ಬದಲಾಗತಾವ, ಅದಕ್ಕ ತಿಳಿಯೋಕ ಹಗುರ ಆಗಲಿ ಅಂತ ದೊಡ್ಡವರ ಸ್ಲೀಪರ್ ಟಿಕೇಟು 300 ರೂಪಾಯಿ ಅಂತ ಹಿಡಿಯೋಣ.

ಆ 300ರಾಗ ಸ್ಲೀಪರಿನ ಮೀಸಲಾತಿ ಶುಲ್ಕ 20 ರೂಪಾಯಿ ಕೂಡಿರತೈತಿ. ಮೂಲ ದರ 280. ಹುಡುಗೂರಿಗೆ ಅರ್ಧ ಆಗೂದು ಮೂಲ ದರ ಅಷ್ಟ, ಮೀಸಲಾತಿ ಶುಲ್ಕ ಅರ್ಧ ಆಗೂದಿಲ್ಲ. ಹಿಂಗಾಗಿ 140ಕ್ಕ 20 ಕೂಡಿಸಿದ್ರ 160 ಆತು. ಅರ್ಧಾ ಟಿಕೇಟು ಅಂತೀವಿ, ಖರೇ ಅಂದ್ರ ಅದು ಅರ್ಧಕ್ಕಿಂತ ಒಂಚೂರು ಜಾಸ್ತಿನೇ.

ನಾವು ಹೋದದ್ದು ಹೆಂಗ? ದೊಡ್ಡವರು ಇಬ್ಬರು 600, ಹುಡುಗೂರು ಇಬ್ಬರು 320, ಒಟ್ಟು 920. ಬರ್ತು ಎರಡು. ಇಬ್ಬರು ಹುಡುಗೂರಿಗೂ ಬರ್ತು ತಗೊಂಡಿದ್ದರ 1200 ಆಗತಿತ್ತು, ಬರ್ತು ನಾಕು. ಅಂದ್ರ ನಾವು ಉಳಿಸಿದ್ದು 280. ಒಂದು ಹುಡುಗಿಗೆ ಅಷ್ಟ ಬರ್ತು ತಗೊಂಡು ಸಣ್ಣಾಂವಗ ಅರ್ಧಾ ತಗದಿದ್ದರ 900ಕ್ಕ 160 ಕೂಡಿ 1060, ಬರ್ತು ಮೂರು. ಬರೇ 140 ರೂಪಾಯಿ ಹೆಚ್ಚಿಗಿ ಕೊಟ್ಟಿದ್ದರ ನಮ್ಮ ಮನಿಯವರು ಮಲಗತಿದ್ದರು. ಆ 140 ರೂಪಾಯಿ ಬೆಂಗಳೂರಿನ್ಯಾಗ ಅವರ ಸೊಂಟಕ್ಕ ತಗೊಂಡ ಮುಲಾಮಿಗೆ ಹೋತು.

ನಮ್ಮ ತಪ್ಪು ಅರ್ಧಾ ಟಿಕೇಟು ತಗೊಂಡಿದ್ದಲ್ಲ. ಎರಡಕ್ಕೂ ಅದನ್ನೇ ತಗೊಂಡಿದ್ದು, ಏನು ತಗೋಳಾಕ ಹತ್ತೀವಿ ಅಂತ ತಿಳಕೊಳ್ಳದ ತಗೊಂಡಿದ್ದು. ಟಿಕೇಟು ತಗಸೂಮುಂದ ಹುಡುಗೂರ ಬರ್ತಿನ ಲೆಕ್ಕ ಮಾಡಬ್ಯಾಡ್ರಿ, ರಾತ್ರಿ ಯಾರು ಯಾರ ಮಗ್ಗಲಿಗೆ ಮಲಗತಾರ ಅನ್ನೋ ಲೆಕ್ಕ ಮಾಡ್ರಿ. ಮನ್ಯಾಗ ಹಾಸಿಗಿ ಹಾಸೂಮುಂದ ಮಾಡೂದಿಲ್ಲೇನು, ಹಂಗ. ಒಬ್ಬ ದೊಡ್ಡವರ ಜೋಡಿ ಒಂದು ಸಣ್ಣ ಕೂಸು ಕೆಳಗಿನ ಬರ್ತಿನ್ಯಾಗ ಹೆಂಗರ ಹಿಡಿಸತೈತಿ. ಎಂಟು, ಹತ್ತು ವರ್ಷದ ಹುಡುಗೂರು ಹಿಡಿಸೂದಿಲ್ಲ. ದೊಡ್ಡವರಿಗೆ ಬೆನ್ನು ನೋವು, ಮೊಣಕಾಲು ನೋವು ಇದ್ದರ ಕೂಸೂ ಹಿಡಿಸೂದಿಲ್ಲ.

ಐದರ ಒಳಗಿನ ಕೂಸಿಗೆ ಏನು ಅಂತ ನಮ್ಮ ಬಾಜೂಮನಿಯಾಕಿ ಕೇಳಿದಳು, ಆಕಿ ಮೊಮ್ಮಗಳಿಗೆ ಮೂರು ವರ್ಷ. ಅದಕ್ಕ ಟಿಕೇಟು ಬ್ಯಾಡ, ಬರ್ತೂ ಇಲ್ಲ. ಆದ್ರ ಬರ್ತು ಬೇಕೇ ಬೇಕು ಅಂದ್ರ ಪೂರಾ ದರ ಕೊಟ್ಟು ತಗೋಬಹುದು. 2022ರ ಆಗಸ್ಟ್‌ನಾಗ "ಒಂದು ವರ್ಷದ ಕೂಸಿಗೂ ಈಗ ಪೂರಾ ಟಿಕೇಟು" ಅಂತ ಒಂದು ಸುದ್ದಿ ಫೋನಿನಿಂದ ಫೋನಿಗೆ ಹಾರಾಡಿತ್ತು, ನನಗೂ ಬಂದಿತ್ತು. ರೈಲ್ವೆ ಇಲಾಖೆಯವರೇ ಅದು ಖರೇ ಅಲ್ಲ, ನಿಯಮ ಬದಲಾಗಿಲ್ಲ, ಬರ್ತು ಬೇಕಂದವರಿಗೆ ಅಷ್ಟ ದರ ಅಂತ ಹೇಳಿದ್ರು. ಅದೇ ವರ್ಷ ಮೇ ತಿಂಗಳದಾಗ ಉತ್ತರದ ಕಡಿ ಲಖನೌ ಮೇಲ್ ಅನ್ನೋ ಗಾಡ್ಯಾಗ ಕೆಳಗಿನ ಬರ್ತಿಗೆ ಅಂಟಿಸಿದ ಕೂಸಿನ ಬರ್ತು ಮಾಡಿ ನೋಡಿದ್ರಂತ, ಕೂಸು ಬೀಳದಂಗ ಪಟ್ಟಿ ಕಟ್ಟಿದ್ದು. ಪೇಪರಿನ್ಯಾಗ ಚಿತ್ರ ನೋಡಿ ನಾ ಅವಾಗ ನಕ್ಕಿದ್ದೆ. ಸಣ್ಣಾಂವ ಬಿದ್ದ ಮ್ಯಾಲ ಆ ಪಟ್ಟಿ ನೆನಪಾತು.

ಕುರ್ಚಿ ಇರೋ ಗಾಡ್ಯಾಗ ಲೆಕ್ಕ ಬ್ಯಾರೆ. ಹುಬ್ಬಳ್ಳಿ ಮ್ಯಾಲ ಹಾದು ಬೆಂಗಳೂರಿಗೆ ಹೋಗೋ ವಂದೇ ಭಾರತ್‌ನಂಥಾ ಗಾಡ್ಯಾಗ ಬರೇ ಕುರ್ಚಿ. ಅಲ್ಲಿ ಐದು ದಾಟಿದ ಹುಡುಗೂರಿಗೆ "ಸೀಟು ಬ್ಯಾಡ, ಅರ್ಧಾ ಕೊಡ್ರಿ" ಅನ್ನಾಕ ಬರೂದಿಲ್ಲ, ಪೂರಾ ದರ ಕೊಟ್ಟು ಕುರ್ಚಿ ತಗೋಬೇಕು. ಹಗಲು ಗಾಡಿ, ಅರ್ಧಾ ಸಾಕು ಅಂತ ರೊಕ್ಕ ಅಷ್ಟ ತಗೊಂಡು ಹೋದ್ರ ಕಡಿಮಿ ಬೀಳತೈತಿ.

ವಯಸ್ಸಿನ ಮಾತು ಬಂದಾಗ ನಮ್ಮವ್ವನ ನೆನಪು ಬರತೈತಿ. ನನ್ನ ತವರುಮನಿ ಗಂಗಾವತಿ. ಅವಾಗ ಅಲ್ಲಿಗೂ ರೈಲಿಲ್ಲ, ಈಗ ಗಿಣಿಗೇರಿ ಮ್ಯಾಲ ಹಾದು ಬಂದೈತಿ. ಎಲ್ಲಿಗೆ ಹೋಗಬೇಕಂದ್ರೂ ಬಸ್ಸು. ನಾವು ಐದು ಮಂದಿ ಮಕ್ಕಳು, ಅಪ್ಪಗ ಭತ್ತದ ಗದ್ದಿ ಕೂಲಿ. ಬಸ್ಸು ಹತ್ತೂಮುಂದ ನಮ್ಮವ್ವ ನನ್ನ ಕಿವ್ಯಾಗ "ಯಾರರ ಕೇಳಿದ್ರ ನಾಕು ವರ್ಷ ಅನ್ನು" ಅಂತ ಹೇಳತಿದ್ದಳು. ಒಮ್ಮೆ ಕಂಡಕ್ಟರ್ ನನ್ನ ಗದ್ದ ಹಿಡಿದು "ಎಷ್ಟು ವರ್ಷವಾ ನಿನಗ?" ಅಂದ. ನಾನು "ಬಸ್ಸಿನ್ಯಾಗ ನಾಕು ರೀ, ಸಾಲ್ಯಾಗ ಆರು" ಅಂದೆನಂತ. ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರೂ ನಕ್ಕು ಮುಂದಕ್ಕ ಹೋದ. ನಮ್ಮವ್ವ ಮಾತ್ರ ಊರು ಬರೋ ತನಕ ಸೆರಗು ಮುಖದ ಮ್ಯಾಲಿಂದ ತಗೀಲಿಲ್ಲ. ಸಣ್ಣಕಿದ್ದಾಗ ಈ ಕತಿಗೆ ನಾನೂ ನಗತಿದ್ದೆ. ಈಗ ನಮ್ಮವ್ವನ ಮುಖ ನೆನಸ್ಕೊಂಡ್ರ ನಗು ಬರೂದಿಲ್ಲ. ಆ ಅರ್ಧಾ ಟಿಕೇಟಿನ ಚಿಲ್ಲರ ಆಕಿಗೆ ಒಂದು ಹೊತ್ತಿನ ಎಣ್ಣಿ, ಬ್ಯಾಳಿ ಆಗಿತ್ತು.

ನಮ್ಮ ಪರಿಸ್ಥಿತಿ ಹಂಗಿಲ್ಲ. ಆದ್ರೂ ಬುದ್ಧಿ ಆ ಕಡೀಗೇ ಓಡತೈತಿ. ಯಲಬುರ್ಗಾದ ಟಿಕೇಟಿನ ಕಿಟಕಿ ಮುಂದ "ಇನ್ನೂ ನಾಕು ಅನ್ನಲೇನು" ಅಂತ ನನ್ನ ಮನಸಿಗೂ ಒಂದು ಗಳಿಗಿ ಬಂದಿತ್ತು. ಮಗ್ಗಲದಾಗ ಸಣ್ಣಾಂವ ನಿಂತಿದ್ದ. ಅವನೂ ಬಾಯಿ ತಗೀತಾನ ಅನ್ನೋ ಹೆದರಿಕಿಗೆ ಸುಮ್ಮನಾದೆ ಅಂದ್ರ ನೀವು ನಗಬ್ಯಾಡ್ರಿ. ಈಗ ಇಬ್ಬರದೂ ಆಧಾರ್ ಕಾರ್ಡಿನ ಜೆರಾಕ್ಸ್ ನನ್ನ ಚೀಲದಾಗೇ ಇಟ್ಟೀನಿ. ದೊಡ್ಡಾಕಿ ಹನ್ನೆರಡರಾಕಿ ಕಂಡಂಗ ಕಾಣತಾಳ, ಕೇಳಿದ್ರ ತೋರಸಾಕ ಬೇಕಾಗತೈತಿ. ಬಸ್ಸಿನ ಶೂನ್ಯ ಟಿಕೇಟಿಗೂ ನಮ್ಮ ರಾಜ್ಯದ ವಿಳಾಸ ಇರೋ ಗುರುತಿನ ಚೀಟಿ ಕೈಯಾಗ ಇದ್ದರ ಚಲೋ.

ಡಿಸೆಂಬರಿನ್ಯಾಗ ಮತ್ತ ಸೂಟಿ ಬಂತು. ಮಗಳು ಹುಡುಗೂರನ್ನ ಕರ್ಕೊಂಡು ಬಂದು ಬಿಟ್ಟು ಹೋದಳು, ತಿರುಗಿ ಕಳಸೋದು ಮತ್ತ ನಂದೇ ಪಾಳಿ. ಈ ಸಲ ಮಗ ಟಿಕೇಟು ತಗೀಯೂಮುಂದ ನಾನು ಬಾಜೂಕ ಕುಂತೆ. ಸಣ್ಣ ಚೌಕ ಎಲ್ಲೈತಿ ತೋರಸು ಅಂದೆ. ದೊಡ್ಡಾಕಿ ಹೆಸರಿಗೆ ಬರ್ತು ಬೇಕು ಅಂತ ಒತ್ತಿಸಿದೆ, ಸಣ್ಣಾಂವಂದು ಬ್ಯಾಡ ಅಂತ ಬಿಡಿಸಿದೆ. 45 ದಾಟಿದ ಹೆಣ್ಮಕ್ಕಳಿಗೆ ಕೆಳಗಿನ ಬರ್ತು ಕೊಡಾಕ ನೋಡತಾರ, ಅದಕ್ಕ ನನ್ನ ವಯಸ್ಸು ಖರೇನೇ ಹಾಕಿಸಿದೆ, ಒಂದು ವರ್ಷಾನೂ ಕಮ್ಮಿ ಮಾಡಲಿಲ್ಲ. ಟಿಕೇಟು ಬಂದ ಕೂಡಲೇ ನಾಕೂ ಹೆಸರಿನ ಮುಂದ ಏನೈತಿ ಅಂತ ಒಂದೊಂದೇ ಬೆರಳಿಟ್ಟು ನೋಡಿದೆ. ಮೂರಕ್ಕ ಬರ್ತಿನ ನಂಬರು, ಒಂದಕ್ಕ NOSB. ಆ ನಾಕು ಅಕ್ಷರ ಈಗ ನನಗ ಗುರುತೈತಿ.

ಕುಷ್ಟಗಿಯಿಂದ ಕೊಪ್ಪಳಕ್ಕ ಬಸ್ಸು ಹತ್ತಿದಾಗ ಸಣ್ಣಾಂವಗ ಆರು ತುಂಬಿತ್ತು. ಮೇ ತಿಂಗಳದಾಗ ಇದೇ ದಾರಿಗೆ ಅವಗ ಟಿಕೇಟಿರಲಿಲ್ಲ. ಈಗ ನನಗ ಶೂನ್ಯ, ದೊಡ್ಡಾಕಿಗೆ ಶೂನ್ಯ, ಮನಿಯವರಿಗೆ ಪೂರಾ, ಸಣ್ಣಾಂವಗ ಅರ್ಧಾ. ಇಡೀ ಮನ್ಯಾಗ ರೊಕ್ಕ ಕೊಡೋರು ಗಂಡಸರಿಬ್ಬರೇ ಅಂತ ಮನಿಯವರು ಗೊಣಗಿದ್ರು. ಸಣ್ಣಾಂವಗ ಮಾತ್ರ ಖುಷಿಯೋ ಖುಷಿ. "ಅಕ್ಕಾ, ನಂದು ರೊಕ್ಕದ ಟಿಕೇಟು, ನಿಂದು ಸೊನ್ನಿ" ಅಂತ ಹಳೇ ಸೇಡು ತೀರಿಸಿಕೊಂಡ. ಬಸ್ಸು ತುಂಬಿದಾಗ ನಿಂತವರೊಬ್ಬರು "ಹುಡುಗನ್ನ ತೊಡಿ ಮ್ಯಾಲ ತಗೋರೀ ಯಕ್ಕಾ" ಅಂದ್ರು. ಅವ "ನಾ ಟಿಕೇಟ್ ತಗೊಂಡೀನಿ" ಅಂತ ಚೀಟಿ ಎತ್ತಿ ತೋರಿಸಿದ. ಆದ್ರೂ ನಾ ತೊಡಿ ಮ್ಯಾಲ ತಗೊಂಡೆ. ಒಂದೂವರಿ ತಾಸಿನ ದಾರಿ, ಎದುರಿಗೆ ನಿಂತಾವರೂ ವಯಸ್ಸಾದವರು. ಹಗಲು ಬಸ್ಸಿನ್ಯಾಗ ತೊಡಿ ಸಾಕು, ರಾತ್ರಿ ರೈಲಿನ್ಯಾಗ ಸಾಲೂದಿಲ್ಲ.

ಆ ರಾತ್ರಿ ದೊಡ್ಡಾಕಿ ಮ್ಯಾಲಿನ ಬರ್ತಿಗೆ ಹತ್ತಿದಳು, ಆಕಿ ಅವ್ವ 2003ರಾಗ ಹತ್ತಿದಂಗೇ. ಮನಿಯವರು ನಡುವಿನ ಬರ್ತಿನ್ಯಾಗ ಕಾಲು ಚಾಚಿ ಗೊರಕಿ ಹೊಡೆದರು. ಸಣ್ಣಾಂವನ್ನ ನಾನು ಗ್ವಾಡಿ ಕಡಿ ಮಲಗಿಸಿ, ಕಿಟಕಿ ಸಂದಿಗೆ ಶಾಲು ತುರುಕಿ, ಹೊರಗಿನ ಮಗ್ಗಲಿಗೆ ನಾನು ಅಡ್ಡ ಮಲಗಿದೆ. ಚೀಲಗಳನ್ನೂ ಬರ್ತಿನ ಅಂಚಿಗೇ ಸರಿಸಿಟ್ಟೆ, ಅರಬಿ ಚೀಲ ಮುಂದ, ತಂಬಿಗಿ ಚೀಲ ಹಿಂದ. ಅವ ನಿದ್ದಿಗಣ್ಣಾಗ "ಅಮ್ಮಾ, ನನ್ನ ಬರ್ತು ಯಾವುದು?" ಅಂದ.

"ನಾನೇಪಾ ನಿನ್ನ ಬರ್ತು" ಅಂದೆ. ಮಲಗಿದ.

ಮುಂದಿನ ವರ್ಷಕ್ಕ ಅವನೂ ಉದ್ದ ಆಗತಾನ. ಅವಾಗ ಮನಿಯವರು ಕೇಳಿದ್ರ ಹೇಳಾಕ ಉತ್ತರ ತಯಾರೈತಿ, ನಾಕು ಮಂದಿಗೆ ನಾಕು ಬರ್ತು.